ಕ್ರಿಯಾಪದ ಕೊನೆಗೆ ಬರುವ ಭಾಷೆಯಲ್ಲಿ ಉತ್ತರ ಮೊದಲು ಬರುವುದು ಹೇಗೆ?

ಓದುಗರ ಪ್ರಶ್ನೆ: ನಮ್ಮ ಆನ್‌ಲೈನ್ ಅಂಗಡಿಯ ‘ಪದೇಪದೇ ಕೇಳುವ ಪ್ರಶ್ನೆಗಳು’ ಪುಟದಲ್ಲಿ 34 ಪ್ರಶ್ನೆಗಳಿವೆ. ಉತ್ತರ ಅಲ್ಲೇ ಇದ್ದರೂ ಜನ ಅದನ್ನೇ ಕೇಳಿ ಮೇಲ್ ಹಾಕುತ್ತಾರೆ. ಪ್ರತಿ ಉತ್ತರವೂ ನೇರ ಉತ್ತರದಿಂದಲೇ ಶುರುವಾಗಲಿ ಅಂತ ತಿದ್ದಲು ಕೂತರೆ ಕನ್ನಡದಲ್ಲಿ ವಾಕ್ಯ ತಿರುಗುವುದೇ ಇಲ್ಲ, ಷರತ್ತುಗಳೆಲ್ಲ ಮುಂದೆ ಬಂದು ನಿಲ್ಲುತ್ತವೆ. ಷರತ್ತು ತೆಗೆದರೆ ಕಾನೂನು ವಿಭಾಗದವರು ಒಪ್ಪುವುದಿಲ್ಲ. ಹೇಗೆ ತಿದ್ದಲಿ?

ಉತ್ತರ: ವಾಕ್ಯವನ್ನು ತಿರುಗಿಸಬೇಡಿ, ಒಡೆಯಿರಿ. ಪ್ರಶ್ನೆಯಲ್ಲಿರುವ ಕ್ರಿಯಾಪದವನ್ನೇ ಉತ್ತರವಾಗಿ ಇಟ್ಟು ಪೂರ್ಣವಿರಾಮ ಹಾಕಿ. ಷರತ್ತುಗಳಿಗೆ ಅದರ ಮುಂದಿನ ವಾಕ್ಯ ಕೊಡಿ. ಷರತ್ತು ಇದೆ ಎಂಬ ಸೂಚನೆಯೊಂದು ಮಾತ್ರ ಮೊದಲ ವಾಕ್ಯದಲ್ಲೇ ಇರಲಿ. ಕಾನೂನು ವಿಭಾಗದ ಆತಂಕಕ್ಕೆ ಬಹುತೇಕ ಅಷ್ಟು ಸಾಕು.

ತೊಡಕು ಎಲ್ಲಿದೆ ಎಂದು ಮೊದಲು ನೋಡೋಣ. ಇಂಥ ಪುಟಗಳಲ್ಲಿ ಸಿಗುವ ಒಂದು ಮಾದರಿ ವಾಕ್ಯ: ‘ನೀವು ಹಿಂದಿರುಗಿಸಿದ ವಸ್ತು ಬಳಕೆಯಾಗಿರದೆ, ಮೂಲ ಪ್ಯಾಕಿಂಗ್‌ನಲ್ಲೇ ಇದ್ದು, 15 ದಿನಗಳೊಳಗೆ ನಮಗೆ ತಲುಪಿದಲ್ಲಿ ಅದನ್ನು ಬದಲಾಯಿಸಿಕೊಡಲಾಗುವುದು.’ ಓದುಗನಿಗೆ ಬೇಕಾದದ್ದು ಬದಲಾಯಿಸಿಕೊಡುತ್ತಾರೋ ಇಲ್ಲವೋ ಎಂಬುದು. ಅದು ಗೊತ್ತಾಗುವುದು ಕೊನೆಯ ಪದದಲ್ಲಿ, ಅದೂ ಆ ಪದದ ತುದಿಯಲ್ಲಿ. ‘ಲಾಗುವುದು’ ಎಂದು ಮುಗಿದರೆ ಒಂದು ಅರ್ಥ, ‘ಲಾಗುವುದಿಲ್ಲ’ ಎಂದು ಮುಗಿದರೆ ನೇರ ವಿರುದ್ಧ ಅರ್ಥ. ಕನ್ನಡದಲ್ಲಿ ನಿಷೇಧ ಕ್ರಿಯಾಪದದ ಬಾಲದಲ್ಲಿ ಕೂತಿರುತ್ತದೆ. ಹಾಗಾಗಿ ಮೊಬೈಲ್ ಪರದೆಯ ಮೇಲೆ ಕಣ್ಣಾಡಿಸುವವನು ಮೊದಲ ಸಾಲು ಓದಿ ಬಿಟ್ಟರೆ ಅವನಿಗೆ ಅರ್ಧ ಉತ್ತರ ಕೂಡ ಸಿಗುವುದಿಲ್ಲ. ಷರತ್ತುಗಳ ಪಟ್ಟಿ ಮಾತ್ರ ಸಿಗುತ್ತದೆ.

ಮಾತಿನಲ್ಲಿ ನಮಗೆ ಈ ತೊಂದರೆಯೇ ಇಲ್ಲ. ‘ಬದಲಾಯಿಸಿ ಕೊಡ್ತೀರಾ?’ ಎಂದು ಯಾರಾದರೂ ಕೇಳಿದರೆ ‘ಕೊಡ್ತೀವಿ. ಆದರೆ ಹದಿನೈದು ದಿನದೊಳಗೆ ತರಬೇಕು’ ಅನ್ನುತ್ತೇವೆ. ಕೇಳಿದವರ ಕ್ರಿಯಾಪದವನ್ನೇ ಎತ್ತಿಕೊಂಡು ಮರಳಿ ಕೊಡುವುದು ಕನ್ನಡದ ಸಹಜ ರೀತಿ. ಬರೆಯಲು ಕೂತಾಗ ಮಾತ್ರ ಎಲ್ಲವನ್ನೂ ಒಂದೇ ವಾಕ್ಯಕ್ಕೆ ಪೋಣಿಸುವ ಚಟ ಹತ್ತುತ್ತದೆ. ಆದ್ದರಿಂದ ‘ಬದಲಾಯಿಸಿಕೊಳ್ಳಬಹುದೇ?’ ಎಂಬ ಪ್ರಶ್ನೆಯ ಕೆಳಗೆ ‘ಬದಲಾಯಿಸಿಕೊಳ್ಳಬಹುದು, 15 ದಿನಗಳೊಳಗೆ.’ ಎಂದು ಬರೆದು ಮುಗಿಸಿ. ಅವಧಿ ಕ್ರಿಯಾಪದದ ನಂತರ ಬಂತಲ್ಲ ಎಂದು ವ್ಯಾಕರಣದ ಮೇಷ್ಟ್ರು ಹುಬ್ಬೇರಿಸಬಹುದು. ಓದುಗ ಏರಿಸುವುದಿಲ್ಲ.

‘ಹೌದು’, ‘ಇಲ್ಲ’ ಎಂದೇ ಶುರು ಮಾಡಿದರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ಕೆಲವು ಕಡೆ ಸಾಕು, ಕೆಲವು ಕಡೆ ಅಪಾಯ. ‘ರಸೀದಿ ಇಲ್ಲದಿದ್ದರೆ ವಾಪಸ್ ತೆಗೆದುಕೊಳ್ಳುವುದಿಲ್ಲವೇ?’ ಎಂಬ ಪ್ರಶ್ನೆಗೆ ‘ಹೌದು’ ಎಂದರೆ ತೆಗೆದುಕೊಳ್ಳುತ್ತೇವೆ ಎಂದು ಒಬ್ಬರು ಓದುತ್ತಾರೆ, ತೆಗೆದುಕೊಳ್ಳುವುದಿಲ್ಲ ಎಂದು ಇನ್ನೊಬ್ಬರು. ‘ತೆಗೆದುಕೊಳ್ಳುತ್ತೇವೆ.’ ಎಂದು ಕ್ರಿಯಾಪದವನ್ನೇ ಬರೆದರೆ ಎರಡನೆಯ ಅರ್ಥಕ್ಕೆ ಜಾಗವಿಲ್ಲ. ಪ್ರಶ್ನೆಯಲ್ಲೇ ನಿಷೇಧ ಇರುವ ಕಡೆಗಳಲ್ಲಿ ಪ್ರಶ್ನೆಯನ್ನೂ ನೇರ ಮಾಡಿಬಿಡಿ.

ಇನ್ನು ಒಂದು ಉತ್ತರವನ್ನು ಪೂರ್ತಿ ಬಿಚ್ಚಿ ಕಟ್ಟೋಣ. ನಿಮ್ಮ ಪುಟದಲ್ಲಿ ಹೀಗೊಂದು ಇದೆ ಎಂದುಕೊಳ್ಳಿ:

> ಮರುಪಾವತಿ ಬಗ್ಗೆ ನಿಮ್ಮ ನೀತಿ ಏನು?
> ಗ್ರಾಹಕರ ತೃಪ್ತಿಯೇ ನಮ್ಮ ಮೊದಲ ಆದ್ಯತೆ. ನೀವು ಹಿಂದಿರುಗಿಸಿದ ವಸ್ತು ನಮ್ಮ ಗೋದಾಮನ್ನು ತಲುಪಿದ ನಂತರ, ಸಾಮಾನ್ಯವಾಗಿ 2 ಕೆಲಸದ ದಿನಗಳಲ್ಲಿ ಅದರ ಗುಣಮಟ್ಟ ಪರಿಶೀಲನೆ ನಡೆಸಿ, ಕೋರಿಕೆ ಅನುಮೋದನೆಗೊಂಡಲ್ಲಿ, ನೀವು ಪಾವತಿಸಿದ ಮೂಲ ವಿಧಾನಕ್ಕೇ 5 ಕೆಲಸದ ದಿನಗಳೊಳಗೆ ಹಣ ಜಮಾ ಮಾಡಲಾಗುವುದು. ಗಿಫ್ಟ್ ಕಾರ್ಡ್ ಬಳಸಿದ್ದಲ್ಲಿ ಅನುಮೋದನೆಯಾದ ಕೂಡಲೇ ಮೊತ್ತ ಕಾರ್ಡಿಗೆ ಮರಳುತ್ತದೆ. ಕ್ಯಾಷ್ ಆನ್ ಡೆಲಿವರಿ ಆಗಿದ್ದಲ್ಲಿ ಬ್ಯಾಂಕ್ ಖಾತೆಯ ವಿವರ ಒದಗಿಸತಕ್ಕದ್ದು.

ಮೊದಲು ತಿದ್ದಬೇಕಾದದ್ದು ಪ್ರಶ್ನೆಯನ್ನು. ‘ನಿಮ್ಮ ನೀತಿ ಏನು’ ಎಂದು ಯಾರೂ ಮೇಲ್ ಹಾಕುವುದಿಲ್ಲ. ಅದಕ್ಕೆ ಒಂದು ವಾಕ್ಯದ ಉತ್ತರವೂ ಇಲ್ಲ. ಅದು ಪ್ರಶ್ನಾರ್ಥಕ ಚಿಹ್ನೆ ಹಾಕಿಕೊಂಡ ಶೀರ್ಷಿಕೆ. ನೇರ ಉತ್ತರ ಬರೆಯಲು ಎಷ್ಟು ಹೆಣಗಿದರೂ ಆಗುತ್ತಿಲ್ಲ ಎಂದರೆ ಹತ್ತರಲ್ಲಿ ಆರೇಳು ಸಲ ದೋಷ ಪ್ರಶ್ನೆಯಲ್ಲೇ ಇರುತ್ತದೆ. ನಿಮ್ಮ ಮೇಲ್ ಪೆಟ್ಟಿಗೆ ತೆರೆದು ಜನ ಬಳಸಿದ ಮಾತನ್ನೇ ತೆಗೆದುಕೊಳ್ಳಿ. ಅಲ್ಲಿ ‘ದುಡ್ಡು ಯಾವಾಗ ಬರುತ್ತೆ’ ಎಂದಿರುತ್ತದೆ. ಹಾಗಾದರೆ ಪ್ರಶ್ನೆ ‘ಹಣ ಯಾವಾಗ ವಾಪಸ್ ಬರುತ್ತದೆ?’ ಎಂದಾಗಲಿ.

ಈಗ ಉತ್ತರ. ಮೊದಲ ವಾಕ್ಯ ಬರೀ ಉಪಚಾರದ ಮಾತು, ಅದು ಹೋಗಲಿ. ಉಳಿದದ್ದರಲ್ಲಿ ‘ಯಾವಾಗ’ ಎಂಬುದಕ್ಕೆ ಉತ್ತರವಾಗಬಲ್ಲ ಅಂಕಿ ಎರಡಿವೆ, 2 ಮತ್ತು 5. ಅವಸರದಲ್ಲಿ ತಿದ್ದುವವರು ‘5 ಕೆಲಸದ ದಿನಗಳೊಳಗೆ’ ಎಂದು ಮೇಲಕ್ಕೆ ತಂದು ಕೈ ತೊಳೆದುಕೊಳ್ಳುತ್ತಾರೆ. ಇಲ್ಲಿಯೇ ಪುಟ ಮೊದಲಿಗಿಂತ ಕೆಡುವುದು. ಗ್ರಾಹಕ ದಿನ ಎಣಿಸುವುದು ಕೊರಿಯರ್‌ನವನ ಕೈಗೆ ಪಾರ್ಸೆಲ್ ಇಟ್ಟ ಗಳಿಗೆಯಿಂದ. ನಿಮ್ಮ 5 ಎಣಿಕೆ ಶುರುವಾಗುವುದು ಪರಿಶೀಲನೆ ಮುಗಿದ ಮೇಲೆ. ಆರನೆಯ ದಿನ ಅವರಿಂದ ಮೇಲ್ ಬರುತ್ತದೆ, ಈ ಸಲ ಸಿಟ್ಟಿನಿಂದ. ಮೊದಲು ಉತ್ತರ ಹೂತುಹೋಗಿತ್ತು. ಈಗ ಎದ್ದು ಕಾಣುವ ಜಾಗದಲ್ಲಿ ತಪ್ಪು ಉತ್ತರವಿದೆ.

ಸರಿಯಾದ ಅಂಕಿ ಬೇಕಾದರೆ ಪಾರ್ಸೆಲ್ ಗೋದಾಮು ತಲುಪಲು ಹಿಡಿಯುವ ದಿನವನ್ನೂ ಸೇರಿಸಬೇಕು. ಅದು ಈಗಿನ ಉತ್ತರದಲ್ಲಿ ಎಲ್ಲೂ ಇಲ್ಲ. ಗೋದಾಮಿನವರನ್ನೋ ಕೊರಿಯರ್ ನೋಡಿಕೊಳ್ಳುವವರನ್ನೋ ಕೇಳಿಯೇ ಪಡೆಯಬೇಕು. ಅವರು ‘ಹೆಚ್ಚೆಂದರೆ 4 ಕೆಲಸದ ದಿನ’ ಎಂದರು ಎನ್ನೋಣ. 4, 2, 5 ಕೂಡಿದರೆ 11. ನೇರ ಉತ್ತರ ಬರೆಯುವ ಕೆಲಸ ಬರೀ ವಾಕ್ಯ ಜೋಡಣೆಯಲ್ಲ ಎನ್ನುವುದು ಇದಕ್ಕೇ. ಓದುಗನ ಗಡಿಯಾರದ ಲೆಕ್ಕದಲ್ಲಿ ಉತ್ತರ ಏನು ಎಂಬುದು ಅಲ್ಲಿಯವರೆಗೆ ಸಂಸ್ಥೆಯಲ್ಲೇ ಯಾರಿಗೂ ಗೊತ್ತಿರುವುದಿಲ್ಲ, ಎಷ್ಟೋ ಸಲ.

‘ಸಾಮಾನ್ಯವಾಗಿ’ ಎಂಬ ಪದವನ್ನೂ ತೆಗೆಯಿರಿ. ಸಾಮಾನ್ಯ ಅಲ್ಲದಿದ್ದರೆ ಎಷ್ಟು ದಿನ ಎಂದು ಅದು ಹೇಳುವುದಿಲ್ಲ, ಹಾಗಾಗಿ ಓದುಗನಿಗೆ ಉಪಯೋಗವಿಲ್ಲ. ಗೋದಾಮಿನವರನ್ನು ಕೇಳಿ ಗರಿಷ್ಠ ಅವಧಿ ಬರೆಯಿರಿ, ಇಲ್ಲಿ ಅದೂ 2 ದಿನವೇ ಎಂದುಕೊಳ್ಳೋಣ. ಅದಕ್ಕಿಂತ ಮೊದಲೇ ಹಣ ಬಂದರೆ ಯಾರೂ ಜಗಳಕ್ಕೆ ಬರುವುದಿಲ್ಲ.

ಮುಂದಿನದು ಷರತ್ತುಗಳು, ಅಂದರೆ ನಿಮ್ಮ ಕಾನೂನು ವಿಭಾಗದವರು ಕಾಯುತ್ತಿರುವ ಭಾಗ. ಒಂದೊಂದನ್ನೂ ಹಿಡಿದು ಒಂದೇ ಪ್ರಶ್ನೆ ಕೇಳಿ: ಇದರಿಂದ ಮೊದಲ ವಾಕ್ಯ ಸುಳ್ಳಾಗುತ್ತದೆಯೇ? ಗಿಫ್ಟ್ ಕಾರ್ಡಿಗೆ ಹಣ ಬೇಗ ಬರುತ್ತದೆ. ಬೇಗ ಬಂದದ್ದೂ 11 ದಿನದ ಒಳಗೇ ಬಂದ ಹಾಗೆ, ಆದ್ದರಿಂದ ಅದು ಅಪವಾದವೇ ಅಲ್ಲ, ಕೆಳಗೆ ಎಲ್ಲಾದರೂ ಇರಲಿ. ನಗದು ಕೊಟ್ಟವರು ಖಾತೆಯ ವಿವರ ಕೊಡದಿದ್ದರೆ 11 ದಿನವಾದರೂ ಹಣ ಬರುವುದಿಲ್ಲ. ಇದು ಅಪವಾದ. ಪರಿಶೀಲನೆಯಲ್ಲಿ ವಸ್ತು ತಿರಸ್ಕೃತವಾದರೆ ಹಣ ಬರುವುದೇ ಇಲ್ಲ. ಇದೂ ಅಪವಾದ. ಹಾಗಾಗಿ ಎರಡಿವೆ. ಆ ಎರಡನ್ನೂ ಮೊದಲ ವಾಕ್ಯಕ್ಕೆ ತುರುಕಬೇಡಿ, ಎರಡಿವೆ ಎಂದಷ್ಟೇ ಹೇಳಿ:

> ಹಣ ಯಾವಾಗ ವಾಪಸ್ ಬರುತ್ತದೆ?
> ಪಾರ್ಸೆಲ್ ಒಪ್ಪಿಸಿದ ದಿನದಿಂದ 11 ಕೆಲಸದ ದಿನಗಳೊಳಗೆ ಬರುತ್ತದೆ, ಎರಡು ಸಂದರ್ಭ ಬಿಟ್ಟು. ವಸ್ತು ತಲುಪಿದಾಗ ನಗದು ಕೊಟ್ಟಿದ್ದರೆ, ನಿಮ್ಮ ಬ್ಯಾಂಕ್ ಖಾತೆಯ ವಿವರ ಸಿಗುವವರೆಗೆ ಹಣ ಕಳಿಸಲು ಆಗುವುದಿಲ್ಲ. ವಸ್ತು ಬಳಕೆಯಾಗಿದ್ದರೆ ಅಥವಾ ಹಾಳಾಗಿದ್ದರೆ ಹಣ ಬರುವುದಿಲ್ಲ, ವಸ್ತುವನ್ನೇ ನಿಮಗೆ ಮರಳಿಸುತ್ತೇವೆ.
> ಈ 11 ದಿನಗಳಲ್ಲಿ ಪಾರ್ಸೆಲ್ ನಮಗೆ ತಲುಪಲು 4, ಪರಿಶೀಲನೆಗೆ 2, ನೀವು ಪಾವತಿಸಿದ ವಿಧಾನಕ್ಕೇ ಜಮಾ ಆಗಲು 5. ರಜಾದಿನಗಳು ಎಣಿಕೆಗೆ ಇಲ್ಲ. ಗಿಫ್ಟ್ ಕಾರ್ಡಿನಿಂದ ಕೊಂಡಿದ್ದರೆ ಪರಿಶೀಲನೆ ಮುಗಿದ ಕೂಡಲೇ ಕಾರ್ಡಿಗೆ ಬರುತ್ತದೆ.

‘ಎರಡು ಸಂದರ್ಭ ಬಿಟ್ಟು’ ಎಂಬ ಮೂರು ಪದಗಳ ಕೆಲಸ ದೊಡ್ಡದು. ಮೊದಲ ವಾಕ್ಯವನ್ನಷ್ಟೇ ಓದಿ ಹೋದವನಿಗೂ ಅದು ಸುಳ್ಳು ಹೇಳಿಲ್ಲ. ನಗದು ಕೊಟ್ಟವನಿಗೆ ಮುಂದೆ ಓದಬೇಕು ಎಂದು ಗೊತ್ತಾಗುತ್ತದೆ. ಎಣಿಕೆ ಹೇಳಿರುವುದರಿಂದ ಎಲ್ಲಿಯವರೆಗೆ ಓದಬೇಕು ಎಂಬುದೂ ತಿಳಿಯುತ್ತದೆ. ‘ಷರತ್ತುಗಳು ಅನ್ವಯ’ ಎಂಬ ಹಳೆಯ ಮಾತಿಗೆ ಈ ಗುಣ ಇಲ್ಲ. ಷರತ್ತು ಎಷ್ಟು, ತನಗೆ ಸಂಬಂಧಪಟ್ಟಿದೆಯೇ ಎಂದು ಅದರಿಂದ ಯಾರಿಗೂ ತಿಳಿಯದು. ಕಾನೂನು ವಿಭಾಗಕ್ಕೆ ಕಳಿಸುವಾಗ ಹಳೆಯ ಉತ್ತರ, ಹೊಸ ಉತ್ತರ ಎರಡನ್ನೂ ಅಕ್ಕಪಕ್ಕ ಇಟ್ಟು, ಪ್ರತಿ ಷರತ್ತಿಗೂ ಒಂದು ಅಂಕಿ ಕೊಟ್ಟು, ಅದು ಈಗ ಎಲ್ಲಿದೆ ಎಂದು ತೋರಿಸಿ. ಬಿಟ್ಟದ್ದು ಏನೂ ಇಲ್ಲ, ಜಾಗ ಬದಲಾಗಿದೆ ಅಷ್ಟೆ ಎಂದು ಕಂಡರೆ ಅವರ ಆಕ್ಷೇಪ ಬೇಗ ಕರಗುತ್ತದೆ.

ಅಪವಾದಗಳು ನಾಲ್ಕೈದಾದರೆ, ಅಥವಾ ಅರ್ಧಕ್ಕರ್ಧ ಓದುಗರು ಅಪವಾದದಲ್ಲೇ ಬಿದ್ದರೆ ಈ ಉಪಾಯ ನಡೆಯುವುದಿಲ್ಲ. ಆಗ ನಿಮ್ಮ ಕೈಯಲ್ಲಿರುವುದು ಒಂದು ಪ್ರಶ್ನೆಯಲ್ಲ, ಎರಡು. ಉದಾಹರಣೆಗೆ ‘ಆರ್ಡರ್ ರದ್ದು ಮಾಡಬಹುದೇ?’ ಎಂಬುದಕ್ಕೆ ವಸ್ತು ಗೋದಾಮಿನಿಂದ ಹೊರಡುವ ಮುಂಚೆ ‘ಮಾಡಬಹುದು’, ಹೊರಟ ಮೇಲೆ ‘ಆಗದು’ ಎಂದು ಉತ್ತರವಿದ್ದರೆ, ಯಾವುದನ್ನು ಮೊದಲು ಇಟ್ಟರೂ ಇನ್ನರ್ಧ ಜನಕ್ಕೆ ಅದು ತಪ್ಪು ಉತ್ತರ. ‘ಅದು ಸಂದರ್ಭಕ್ಕೆ ಬಿಟ್ಟದ್ದು’ ಎಂದು ಶುರು ಮಾಡುವುದು ಉತ್ತರವೇ ಅಲ್ಲ. ‘ಆರ್ಡರ್ ಹೊರಡುವ ಮುಂಚೆ ರದ್ದು ಮಾಡುವುದು ಹೇಗೆ?’ ಮತ್ತು ‘ಹೊರಟ ಆರ್ಡರನ್ನು ರದ್ದು ಮಾಡಬಹುದೇ?’ ಎಂದು ಸೀಳಿ. ಪ್ರಶ್ನೆಗಳ ಸಂಖ್ಯೆ 34ರಿಂದ 38ಕ್ಕೆ ಏರಿದರೆ ಗಾಬರಿ ಬೇಡ. ಓದುಗ ಪ್ರಶ್ನೆಗಳ ಮೇಲೆ ಕಣ್ಣಾಡಿಸುತ್ತಾನೆ, ತನ್ನದು ಎನಿಸಿದ್ದನ್ನು ಮಾತ್ರ ತೆರೆಯುತ್ತಾನೆ.

ಎರಡನೆಯ ಪ್ರಶ್ನೆಯ ಉತ್ತರ ‘ಆಗದು’. ಅದನ್ನು ಹೇಳಲು ನಮಗೆಲ್ಲ ಸಂಕೋಚ. ‘ನಿಮ್ಮ ಅನನುಕೂಲಕ್ಕೆ ವಿಷಾದಿಸುತ್ತೇವೆ, ಆದಾಗ್ಯೂ...’ ಎಂದು ಸುತ್ತುತ್ತೇವೆ. ಆ ಸುತ್ತಿನಲ್ಲಿ ಓದುಗನಿಗೆ ಆಸೆ ಹುಟ್ಟುತ್ತದೆ. ಕೊನೆಗೆ ಆಗುವುದಿಲ್ಲ ಎಂದು ತಿಳಿದಾಗ ಬೇಸರ ದುಪ್ಪಟ್ಟು. ‘ಆಗುವುದಿಲ್ಲ.’ ಎಂದು ಮೊದಲೇ ಹೇಳಿ, ಎರಡನೆಯ ವಾಕ್ಯದಲ್ಲೇ ಆಗುವಂಥದ್ದನ್ನು ಕೊಡಿ: ‘ಆಗುವುದಿಲ್ಲ. ಪಾರ್ಸೆಲ್ ಬಂದಾಗ ತೆಗೆದುಕೊಳ್ಳದೆ ವಾಪಸ್ ಕಳಿಸಿ, ಅದನ್ನು ಹಿಂದಿರುಗಿಸಿದ ವಸ್ತು ಎಂದೇ ಪರಿಗಣಿಸುತ್ತೇವೆ.’ ವಿಷಾದ ಬೇಕೇ ಬೇಕು ಎಂದರೆ ಕೊನೆಯಲ್ಲಿ ಇಡಿ. ಅಲ್ಲಿ ಅದು ಯಾರಿಗೂ ಅಡ್ಡ ಬರುವುದಿಲ್ಲ.

‘ಹೇಗೆ’ ಎಂಬ ಪ್ರಶ್ನೆಗಳಲ್ಲಿ ಕನ್ನಡಕ್ಕೇ ಅಂಟಿಕೊಂಡ ಇನ್ನೊಂದು ಕುತ್ತು ಇದೆ. ‘ಆರ್ಡರ್ ಪುಟ ತೆರೆದು, ರದ್ದು ಬಟನ್ ಒತ್ತಿ, ಕಾರಣ ಆರಿಸಿ, ವಿವರ ತುಂಬಿ ಕಳಿಸಿ’ ಎಂದು ಬರೆಯುತ್ತೇವೆ. ಇದರಲ್ಲಿ ‘ಒತ್ತಿ’, ‘ಆರಿಸಿ’, ‘ತುಂಬಿ’ ಎಂಬುವು ಆಜ್ಞೆಯೂ ಹೌದು, ‘ಒತ್ತಿದ ಮೇಲೆ’ ಎಂಬ ಅರ್ಥದ ಕೃದಂತವೂ ಹೌದು. ಒಂದು ಹೆಜ್ಜೆ ಎಲ್ಲಿ ಮುಗಿಯಿತು, ಮುಂದಿನದು ಎಲ್ಲಿ ಶುರು ಎಂಬುದು ಅಲ್ಪವಿರಾಮದ ಮೇಲೆ ನಿಂತಿರುತ್ತದೆ. ಒಂದು ಕೆಲಸಕ್ಕೆ ಒಂದು ವಾಕ್ಯ ಕೊಡಿ, ಮೂರಕ್ಕಿಂತ ಹೆಚ್ಚಿದ್ದರೆ ಅಂಕಿ ಹಾಕಿ. ಇಲ್ಲಿ ನೇರ ಉತ್ತರ ಎಂದರೆ ಕೆಲಸ ಎಲ್ಲಿ ಆಗುತ್ತದೆ ಎಂಬುದು: ‘“ನನ್ನ ಆರ್ಡರ್‌ಗಳು” ಪುಟದಲ್ಲಿ “ರದ್ದು ಮಾಡಿ” ಒತ್ತಿರಿ.’ ಗೊತ್ತಿರುವವನಿಗೆ ಅಷ್ಟೇ ಸಾಕು, ಗೊತ್ತಿಲ್ಲದವನು ಕೆಳಗಿನ ಹೆಜ್ಜೆಗಳಿಗೆ ಇಳಿಯುತ್ತಾನೆ. ಬರಿಯ ‘ಇಲ್ಲಿ ಕ್ಲಿಕ್ ಮಾಡಿ’ ಎಂಬ ಕೊಂಡಿಯನ್ನು ಮೊದಲ ವಾಕ್ಯವಾಗಿ ಇಡಬೇಡಿ. ಅದು ಉತ್ತರವನ್ನು ಇನ್ನೊಂದು ಪುಟಕ್ಕೆ ದಾಟಿಸುವುದು, ಅಷ್ಟೆ.

ಉತ್ತರ ಮೊದಲು ಬರಬೇಕು ಎಂದಾಗ ಕೆಲವರು ಪ್ರಶ್ನೆಯನ್ನೇ ಮತ್ತೊಮ್ಮೆ ಬರೆಯುತ್ತಾರೆ: ‘ನೀವು ಹಿಂದಿರುಗಿಸಿದ ವಸ್ತುವಿನ ಹಣ ಯಾವಾಗ ವಾಪಸ್ ಬರುತ್ತದೆ ಎಂದರೆ...’ ಮೊಬೈಲಿನಲ್ಲಿ ಒಂದು ಸಾಲು ಪೂರ್ತಿ ಅದಕ್ಕೇ ಹೋಗುತ್ತದೆ. ಹಾಗೆಂದು ‘11.’ ಎಂದು ಒಂದೇ ಅಂಕಿ ಬರೆದರೂ ಕೆಲಸ ಕೆಡುತ್ತದೆ, ಏಕೆಂದರೆ ಆ ವಾಕ್ಯ ಒಮ್ಮೊಮ್ಮೆ ಪ್ರಶ್ನೆಯಿಂದ ಬೇರ್ಪಟ್ಟು ಓಡಾಡುತ್ತದೆ. ಹುಡುಕಾಟದ ಫಲಿತಾಂಶದಲ್ಲಿ ಕಾಣಬಹುದು, ಯಾರೋ ನಕಲು ಮಾಡಿ ಗೆಳೆಯರಿಗೆ ಕಳಿಸಬಹುದು. ಎಲ್ಲಿಂದ ಎಣಿಕೆ, ಎಷ್ಟು ದಿನ, ಏನಾಗುತ್ತದೆ, ಈ ಮೂರು ಇದ್ದರೆ ಒಂಟಿಯಾಗಿಯೂ ನಿಲ್ಲುತ್ತದೆ.

34 ಪ್ರಶ್ನೆಗಳನ್ನೂ ಮೇಲಿನಿಂದ ಕೆಳಕ್ಕೆ ತಿದ್ದುತ್ತಾ ಹೋಗಬೇಡಿ. ಕಳೆದ ನಾಲ್ಕು ವಾರದ ಮೇಲ್‌ಗಳನ್ನು ತೆಗೆದು, ಪ್ರತಿಯೊಂದರ ಪಕ್ಕ ಅದಕ್ಕೆ ಉತ್ತರವಿರುವ ಪ್ರಶ್ನೆಯ ಸಂಖ್ಯೆ ಬರೆಯಿರಿ. ಹೆಚ್ಚು ಮೇಲ್ ತಂದ ಐದಾರು ಪ್ರಶ್ನೆಗಳು ತಾವಾಗಿ ಮೇಲೆ ಬರುತ್ತವೆ, ಮೊದಲು ಅವನ್ನು ತಿದ್ದಿ. ಹಳೆಯ ಪುಟದಲ್ಲಿ ಹೊಂದುವ ಪ್ರಶ್ನೆಯೇ ಇಲ್ಲದ ಮೇಲ್‌ಗಳೂ ಸಿಗುತ್ತವೆ. ಅವನ್ನು ಬೇರೆ ಪಟ್ಟಿಯಲ್ಲಿಡಿ, ಅದು ಉತ್ತರ ತಿದ್ದುವುದರಿಂದ ಸರಿಹೋಗುವ ರೋಗವಲ್ಲ.

ತಿದ್ದಿದ್ದನ್ನು ಪರೀಕ್ಷಿಸುವುದು ಸುಲಭ. ಒಂದು ಹಾಳೆಯಲ್ಲಿ ಪ್ರಶ್ನೆ ಮತ್ತು ಉತ್ತರದ ಮೊದಲ ವಾಕ್ಯ, ಇವೆರಡನ್ನೇ ಇಳಿಸಿ. ನಿಮ್ಮ ವಿಭಾಗದವರಲ್ಲದ ನಾಲ್ಕೈದು ಜನಕ್ಕೆ ಕೊಟ್ಟು, ‘ಇದನ್ನು ಓದಿದ ಮೇಲೆ ನೀವು ಏನು ಮಾಡುತ್ತೀರಿ?’ ಎಂದು ಕೇಳಿ. ‘ಅರ್ಥವಾಯಿತೇ?’ ಎಂದು ಕೇಳಬಾರದು, ಎಲ್ಲರೂ ಆಯಿತು ಅನ್ನುತ್ತಾರೆ. ಯಾರಾದರೂ ‘ಮುಂದಿನ ಸೋಮವಾರದವರೆಗೆ ಕಾಯುತ್ತೇನೆ’ ಎಂದರೆ ಆ ಸೋಮವಾರ ಅವರಿಗೆ ಎಲ್ಲಿಂದ ಬಂತು ಎಂದು ವಿಚಾರಿಸಿ. ಎಣಿಕೆಯ ಆರಂಭ ತಪ್ಪಾಗಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಪುಟ ಏರಿಸುವಾಗ ಮರೆಯುವ ಎರಡು ಸಂಗತಿ. ಪ್ರಶ್ನೆಯ ಮಾತು ಬದಲಾದರೂ ಪುಟದ ಕೋಡಿನಲ್ಲಿ ಅದರ ಗುರುತಾದ `id` ಬದಲಾಗಬಾರದು. ಹಳೆಯ ಮೇಲ್‌ಗಳಲ್ಲಿ, ಸಹಾಯವಾಣಿಯವರ ಸಿದ್ಧ ಉತ್ತರಗಳಲ್ಲಿ ಇರುವ ಕೊಂಡಿಗಳು ಅದನ್ನೇ ನಂಬಿಕೊಂಡಿರುತ್ತವೆ.

```html
<details id="refund-time">
  <summary>ಹಣ ಯಾವಾಗ ವಾಪಸ್ ಬರುತ್ತದೆ?</summary>
  <p>ಪಾರ್ಸೆಲ್ ಒಪ್ಪಿಸಿದ ದಿನದಿಂದ...</p>
</details>
```

ಒಂದು ಪ್ರಶ್ನೆಯನ್ನು ಎರಡಾಗಿ ಸೀಳಿದರೆ ಹಳೆಯ `id` ಹೆಚ್ಚು ಜನ ಕೇಳುವ ಪ್ರಶ್ನೆಗೇ ಉಳಿಯಲಿ, ಹೊಸದಕ್ಕೆ ಹೊಸದು ಕೊಡಿ.

ಎರಡನೆಯದು, ಪುಟದ ಮೂಲದಲ್ಲಿ ಹುಡುಕಾಟದ ಯಂತ್ರಗಳು ಓದಲೆಂದು ಬರೆಯುವ `FAQPage` ಎಂಬ ಮಾರ್ಕಪ್ ಇದ್ದರೆ ಉತ್ತರದ ಇನ್ನೊಂದು ಪ್ರತಿ ಅಲ್ಲಿ, `acceptedAnswer` ಒಳಗೆ ಅಡಗಿರುತ್ತದೆ. ಕಣ್ಣಿಗೆ ಕಾಣುವುದನ್ನು ಮಾತ್ರ ತಿದ್ದಿದರೆ ಹಳೆಯ 5 ದಿನ ಅಲ್ಲಿ ಹಾಗೆಯೇ ಉಳಿಯುತ್ತದೆ. ಹುಡುಕಾಟದಲ್ಲಿ ಪ್ರಶ್ನೋತ್ತರ ಬಿಚ್ಚಿಕೊಂಡು ಕಾಣಲಿ ಎಂಬ ಆಸೆಯಿಂದ ಈ ಮಾರ್ಕಪ್ ಹಾಕಿಸಿದ್ದರೆ, ಗೂಗಲ್ 2023ರ ಆಗಸ್ಟ್‌ನಲ್ಲಿ ಆ ಸೌಲಭ್ಯವನ್ನು ಹೆಸರುವಾಸಿಯಾದ ಸರ್ಕಾರಿ ಮತ್ತು ಆರೋಗ್ಯ ತಾಣಗಳಿಗಷ್ಟೇ ಸೀಮಿತ ಮಾಡಿತು ಎಂಬುದು ತಿಳಿದಿರಲಿ. ಅಂಗಡಿಯ ಪುಟಕ್ಕೆ ಅದಕ್ಕಾಗಿ ಹೊಸದಾಗಿ ಶ್ರಮಪಡಬೇಕಿಲ್ಲ. ಈಗಾಗಲೇ ಇದ್ದರೆ ಎರಡು ಪ್ರತಿಯೂ ಒಂದೇ ಮಾತು ಹೇಳುವಂತೆ ನೋಡಿಕೊಳ್ಳಿ, ಇಲ್ಲವೇ ಮಾರ್ಕಪ್ಪನ್ನು ತೆಗೆದುಬಿಡಿ.

ಏರಿಸಿದ ಮೇಲೆ ಮತ್ತೆ ನಾಲ್ಕು ವಾರ ಅದೇ ರೀತಿ ಮೇಲ್ ಎಣಿಸಿ. ಒಟ್ಟು ಸಂಖ್ಯೆ ನೋಡಬೇಡಿ, ಮಾರಾಟ ಏರಿದರೆ ಅದೂ ಏರುತ್ತದೆ. ನೂರು ಆರ್ಡರಿಗೆ ಆ ಪ್ರಶ್ನೆಯ ಮೇಲ್ ಎಷ್ಟು ಎಂದು ಲೆಕ್ಕ ಹಾಕಿ. ‘ಹಣ ಯಾವಾಗ’ ಎಂಬ ಮೇಲ್ ಇಳಿದು ‘11 ದಿನ ಆಯಿತು, ಇನ್ನೂ ಬಂದಿಲ್ಲ’ ಎಂಬವು ಹೊಸದಾಗಿ ಶುರುವಾದರೆ ಪುಟ ಸರಿಯಿದೆ, ಗೋದಾಮಿನವರು ಕೊಟ್ಟ 4 ದಿನದ ಲೆಕ್ಕವನ್ನು ಇನ್ನೊಮ್ಮೆ ಕೇಳಬೇಕು.